ಸಾಲುಗಳ ಮೊತ್ತಕ್ಕೂ ಇನ್‌ವಾಯ್ಸ್ ಮೊತ್ತಕ್ಕೂ 0.01 ವ್ಯತ್ಯಾಸ: ಎಲ್ಲಿ ಬರೆಯಬೇಕು?

ಪ್ರಶ್ನೆ: ಸಪ್ಲೈಯರ್ ಬಿಲ್‌ನ ಸಾಲುಗಳನ್ನು ಕೂಡಿದರೆ 110.13 ಬರುತ್ತೆ, ಕೆಳಗೆ ಪ್ರಿಂಟ್ ಆಗಿರೋದು 110.12. ಯಾವುದನ್ನ ಎಂಟ್ರಿ ಮಾಡ್ಲಿ?

ಉತ್ತರ: ಸಪ್ಲೈಯರ್ ಖಾತೆಗೆ 110.12 ಜಮಾ ಮಾಡಿ. ನೀವು ಕೊಡುವುದೂ ಅಷ್ಟೇ, ಅವರ ಸ್ಟೇಟ್‌ಮೆಂಟಿನಲ್ಲಿ ಬರುವುದೂ ಅಷ್ಟೇ.

ಆದರೆ ಉಳಿದ 0.01 ಅನ್ನು ಕಣ್ಣುಮುಚ್ಚಿ ರೌಂಡಿಂಗ್ ಖಾತೆಗೆ ತಳ್ಳಬೇಡಿ. ಮೊದಲು ಅದು ಹುಟ್ಟಿದ್ದೆಲ್ಲಿ ನೋಡಿ. ಉದಾಹರಣೆಗೆ, ತಲಾ 33.37ರ ಮೂರು ಸಾಲು, ತೆರಿಗೆ ಶೇ. 10 ಎಂದುಕೊಳ್ಳಿ. ನಿಮ್ಮ ಸಾಫ್ಟ್‌ವೇರ್ ಪ್ರತಿ ಸಾಲಿನ 3.337 ಅನ್ನು 3.34 ಮಾಡಿ 10.02 ಎನ್ನುತ್ತದೆ. ಸಪ್ಲೈಯರ್ ಒಟ್ಟು 100.11ರ ಮೇಲೆ ಒಂದೇ ಸಲ ಲೆಕ್ಕ ಹಾಕಿ 10.01 ಪ್ರಿಂಟ್ ಮಾಡಿದ್ದಾರೆ. ಅಂದರೆ ವ್ಯತ್ಯಾಸ ಇರುವುದು ತೆರಿಗೆಯಲ್ಲಿ. ಖರ್ಚಿಗೆ 100.11, ತೆರಿಗೆಗೆ ಬಿಲ್ಲಿನಲ್ಲಿರುವಂತೆ 10.01 ಬರೆದರೆ ಲೆಕ್ಕ ತಾನಾಗಿಯೇ ಕೂಡುತ್ತದೆ, ರೌಂಡಿಂಗ್ ಎಂಟ್ರಿಯೇ ಬೇಡ. 10.02 ಹಾಗೇ ಬಿಟ್ಟರೆ ಬಿಲ್ಲಿನಲ್ಲಿಲ್ಲದ ತೆರಿಗೆಯನ್ನು ನೀವು ಕ್ಲೇಮ್ ಮಾಡಿದಂತಾಗುತ್ತದೆ.

ಬಿಲ್ಲಿನಲ್ಲಿರುವ ತೆರಿಗೆ ಹಾಕಿದ ಮೇಲೂ ಕೂಡದಿದ್ದರೆ ಮಾತ್ರ ರೌಂಡಿಂಗ್ ಖಾತೆ. ಬಿಲ್ಲಿನ ಮೊತ್ತ ನಿಮ್ಮ ಕೂಡಿಕೆಗಿಂತ ಕಡಿಮೆಯಿದ್ದರೆ ಆ ಖಾತೆಗೆ ಕ್ರೆಡಿಟ್, ಹೆಚ್ಚಿದ್ದರೆ ಡೆಬಿಟ್.

ಎಷ್ಟು ವ್ಯತ್ಯಾಸವನ್ನು ರೌಂಡಿಂಗ್ ಎಂದು ಒಪ್ಪಬಹುದು ಎಂಬ ಮಿತಿಯನ್ನೂ ಲೆಕ್ಕ ಹಾಕಿಯೇ ಇಡಿ. ಎರಡು ದಶಮಾಂಶಕ್ಕೆ ಒಮ್ಮೆ ರೌಂಡ್ ಮಾಡಿದರೆ ಹೆಚ್ಚೆಂದರೆ 0.005 ತಪ್ಪುತ್ತದೆ. ಮೂರು ಸಾಲು, ಮೇಲೊಂದು ಒಟ್ಟು ಎಂದರೆ ನಾಲ್ಕು ಸಲ ರೌಂಡಿಂಗ್, ಹೆಚ್ಚೆಂದರೆ 0.02. ಅದೇ ಮೂರು ಸಾಲಿಗೆ 0.40 ತಪ್ಪಿದ್ದರೆ ಅದು ರೌಂಡಿಂಗ್ ಅಲ್ಲ, ಬಿಟ್ಟುಹೋದ ಸಾಗಣೆ ವೆಚ್ಚವೋ ಡಿಸ್ಕೌಂಟೋ ಇರಬೇಕು. ಎಲ್ಲ ಬಿಲ್ಲಿಗೂ 1.00 ಎಂದು ಟಾಲರೆನ್ಸ್ ಇಟ್ಟವರಿಗೆ ಇದು ಕಾಣುವುದೇ ಇಲ್ಲ.