ಸೌದಿಗೆ ಅರಬಿಯಲ್ಲಿ ಅರ್ಜಿ ಪತ್ರ: ಅನುವಾದಕ್ಕಿಂತ ಮೊದಲು ನಿಮ್ಮ ಹುದ್ದೆಯ ಹೆಸರು ನೋಡಿ

ಪ್ರಶ್ನೆ: ನನ್ನದು ಸಿವಿಲ್ ಡಿಪ್ಲೊಮಾ, ಈಗ ಸೈಟ್ ಎಂಜಿನಿಯರ್. ಸೌದಿಯ ಗುತ್ತಿಗೆ ಕಂಪನಿಗೆ ಇಂಗ್ಲಿಷ್ ಕವರ್ ಲೆಟರನ್ನು ಅರಬಿಗೆ ಅನುವಾದಿಸಿ ಕಳುಹಿಸಬೇಕು. ಪ್ರಭಾವಶಾಲಿಯಾಗಿ ಕಾಣುವಂತೆ ಮಾಡುವುದು ಹೇಗೆ?

ನಾನೂ ಡಿಪ್ಲೊಮಾದವನೇ. ಸೌದಿಯ ಜುಬೈಲ್‌ನಲ್ಲಿದ್ದಾಗ ದಮ್ಮಾಮ್‌ನ ಒಂದು ಸಂಸ್ಥೆಗೆ ಸೇರಲು ಹೊರಟು, ಟೈಪಿಂಗ್ ಅಂಗಡಿಯಲ್ಲಿ ನನ್ನ ಇಂಗ್ಲಿಷ್ ಪತ್ರವನ್ನು ಸಾಲಿಗೆ ಸಾಲು ಅರಬಿಗೆ ಮಾಡಿಸಿದ್ದೆ. ‘ಸೈಟ್ ಎಂಜಿನಿಯರ್’ ಎಂದಿದ್ದದ್ದು ‘ಮುಹಂದಿಸ್’ ಆಯಿತು. ಕೆಲಸ ಕೈತಪ್ಪಿದ್ದು ಅಲ್ಲಿಯೇ. ನಮ್ಮ ಊರಿನಲ್ಲಿ ಡಿಪ್ಲೊಮಾದವನನ್ನೂ ಮೇಸ್ತ್ರಿಯಿಂದ ಮಾಲೀಕರವರೆಗೆ ಎಲ್ಲರೂ ಎಂಜಿನಿಯರ್ ಎಂದೇ ಕರೆಯುತ್ತಾರೆ. ಸೌದಿಯಲ್ಲಿ ಮಾತ್ರ ಮುಹಂದಿಸ್ ಎಂಬುದು ಎಂಜಿನಿಯರಿಂಗ್ ಪದವಿ ಪಡೆದು, ಸೌದಿ ಎಂಜಿನಿಯರುಗಳ ಪರಿಷತ್ತಿನ ಮಾನ್ಯತೆ ಪಡೆದವರಿಗೆ ಸಲ್ಲುವ ಹೆಸರು. ಡಿಪ್ಲೊಮಾದವರು ಅದೇ ಪರಿಷತ್ತಿನಲ್ಲಿ ‘ಫನ್ನಿ’, ಅಂದರೆ ತಂತ್ರಜ್ಞರು. ನನ್ನ ಇಕಾಮಾದಲ್ಲಿಯೂ, ಅಂದರೆ ಅಲ್ಲಿನ ವಾಸದ ಪರವಾನಗಿಯಲ್ಲಿಯೂ, ಫನ್ನಿ ಎಂದೇ ಇತ್ತು. ಆ ಸಂಸ್ಥೆಯ ಅಧಿಕಾರಿ ಪತ್ರವನ್ನೂ ಇಕಾಮಾ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಆ ಎರಡು ಪದಗಳ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು. ಇಂಗ್ಲಿಷ್ ಪತ್ರವಾಗಿದ್ದರೆ ರೂಢಿಯ ಮಾತೆಂದು ಬಿಡುತ್ತಿದ್ದರೋ ಏನೋ. ಅರಬಿಯಲ್ಲಿ ಅದು ಇಲ್ಲದ ಅರ್ಹತೆಯನ್ನು ಹೇಳಿಕೊಂಡಂತೆ ಆಗಿತ್ತು. ಆದ್ದರಿಂದ ನೀವು ‘ಫನ್ನಿ ಮದನಿ’, ಅಂದರೆ ಸಿವಿಲ್ ತಂತ್ರಜ್ಞ, ಎಂದೇ ಬರೆಯಿಸಿ, ಸೈಟಿನಲ್ಲಿ ಏನೇನು ನೋಡಿಕೊಳ್ಳುತ್ತಿದ್ದೀರಿ ಎಂಬುದನ್ನು ಮುಂದಿನ ವಾಕ್ಯದಲ್ಲಿ ಹೇಳಿ.

ಇನ್ನು ಪ್ರಭಾವಶಾಲಿಯಾಗಿ ಕಾಣಬೇಕೆಂಬ ಆಸೆಯನ್ನು ನಾನು ಒಪ್ಪುವುದಿಲ್ಲ. ‘ಈ ಹುದ್ದೆಗೆ ನಾನೇ ಸೂಕ್ತ’, ‘ಯೋಜನೆಯನ್ನು ನಾನೊಬ್ಬನೇ ಮುಗಿಸಿದೆ’ ಎಂಬ ಇಂಗ್ಲಿಷ್ ಧಾಟಿ ಅರಬಿ ಪತ್ರದಲ್ಲಿ ಜಂಬವಾಗಿ ಕೇಳಿಸುತ್ತದೆ. ಅಲ್ಲಿ ಮೊದಲು ‘ಸಆದತ್’, ಅಂದರೆ ಮಾನ್ಯರು, ಎಂದು ಆರಂಭಿಸಿ ‘ಅಲ್ ಮುಹ್ತರಮ್’, ಅಂದರೆ ಗೌರವಾನ್ವಿತರು, ಎಂದು ಮುಗಿಯುವ ಸಂಬೋಧನೆ ಬರಬೇಕು, ಆಮೇಲೆ ಸಲಾಂ, ಅನಂತರ ವಿಷಯ. ಕೆಲಸದ ಮಾತನ್ನು ‘ತಶರ್ರಫ್ತು’ ಎಂದು, ಅಂದರೆ ಆ ಸಂಸ್ಥೆಯಲ್ಲಿ ದುಡಿಯುವ ಗೌರವ ನನಗೆ ದೊರೆಯಿತು ಎಂದು ಆರಂಭಿಸಿ, ‘ನಾಲ್ಕು ಮಹಡಿಯ ಕಟ್ಟಡದ ಕಾಂಕ್ರೀಟ್ ಕೆಲಸದ ಮೇಲುಸ್ತುವಾರಿ ನನಗೆ ವಹಿಸಲಾಗಿತ್ತು’ ಎಂದು ಮುಂದುವರಿಸಬಹುದು. ಹೊಗಳಿಕೆ ಹೋಗಲಿ, ಅಳತೆ ಮತ್ತು ಅವಧಿ ಉಳಿಯಲಿ. ಹಾಗೆಂದು ನಮ್ಮ ರಜಾ ಅರ್ಜಿಯ ‘ದಯಮಾಡಿ ಕೃಪೆ ತೋರಬೇಕು’ ಎಂಬ ದೈನ್ಯವನ್ನೂ ತುಂಬಬೇಡಿ. ಗೌರವ ಓದುವವರಿಗೆ ಸಲ್ಲಬೇಕೇ ಹೊರತು ನೀವು ಕುಗ್ಗಬೇಕಾಗಿಲ್ಲ.

ಇಂಗ್ಲಿಷ್ ಪತ್ರವನ್ನು ಬದಿಗಿಟ್ಟು, ವಿವರಗಳನ್ನಷ್ಟೇ ಕೊಟ್ಟು, ಅರಬಿ ಬಲ್ಲವರಿಂದ ಹೊಸದಾಗಿ ಬರೆಯಿಸುವುದೇ ಸರಿ. ಹೆಸರಿನ ಕಾಗುಣಿತ ಹಳೆಯ ವೀಸಾ ಅಥವಾ ಇಕಾಮಾ ಇದ್ದರೆ ಅದರಲ್ಲಿರುವಂತೆಯೇ ಇರಲಿ. ಅರಬಿ ಬಲದಿಂದ ಎಡಕ್ಕೆ ಓಡುವುದರಿಂದ ಫೋನ್ ಸಂಖ್ಯೆಯ ಕೂಡಿಸುವ ಚಿಹ್ನೆ ಕೆಲವೊಮ್ಮೆ ತಪ್ಪು ತುದಿಗೆ ಹೋಗಿ ಕೂರುತ್ತದೆ. ಪಿಡಿಎಫ್ ಮಾಡಿದ ಮೇಲೆ ಅದನ್ನು ನೋಡಿ. ನಿಮಗೆ ಅರಬಿ ಮಾತು ಬಾರದಿದ್ದರೆ ಪತ್ರದಲ್ಲಿಯೇ ಹಾಗೆಂದು ಒಂದು ಸಾಲು ಸೇರಿಸಿ. ಇಲ್ಲವಾದರೆ ಅವರು ನಿಮಗೆ ಫೋನ್ ಮಾಡಿ ನೇರವಾಗಿ ಅರಬಿಯಲ್ಲಿಯೇ ಮಾತು ಆರಂಭಿಸಬಹುದು.