ಗಂಡ ತೀರಿಕೊಂಡ ಮೇಲೆ ಬರಬೇಕಾದ ಹಣ: ಜಮಖಂಡಿ ಕಡೆಯ ಒಂದು ಪ್ರಕರಣ

ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ತಾರೀಖುಗಳ ನಡುವಿನ ಅಂತರವನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ, ಏಕೆಂದರೆ ಈ ಪ್ರಕರಣ ನಿಂತಿದ್ದೇ ಅದರ ಮೇಲೆ.

ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯ ಆ ತಾಯಿ 2025ರ ಮಾರ್ಚ್‌ನಲ್ಲಿ ಮಗಳನ್ನು ಕರೆದುಕೊಂಡು ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಗಂಡ ಬೆಲ್ಲದ ಗಾಣ ನಡೆಸುತ್ತಿದ್ದವರು, 2024ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಕುಟುಂಬದಲ್ಲಿ ಈಗ ಈ ತಾಯಿ, ಲಗ್ನವಾಗಿ ಹೋದ ಮಗಳು, 14 ವರ್ಷದ ಮಗ, ವಯಸ್ಸಾದ ಅತ್ತೆ. ಗಂಡನ ಅಣ್ಣ ಪಕ್ಕದ ಮನೆಯಲ್ಲೇ ಬೇರೆ ಇದ್ದಾರೆ.

ಟ್ರಂಕಿನಲ್ಲಿ ಸಿಕ್ಕ ಮೂರು ಕಾಗದಗಳನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. ಮೊದಲನೆಯದು, ಗಂಡ ಸಾಲವಾಗಿ ಕೊಟ್ಟ 3,00,000 ರೂಪಾಯಿಗೆ ಗೆಳೆಯರೊಬ್ಬರು ಬರೆದುಕೊಟ್ಟ ಪ್ರಾಮಿಸರಿ ನೋಟು. 2022ರ ಜೂನ್ 10ರ ತಾರೀಖು, ಕೇಳಿದಾಗ ಕೊಡುವ ಕರಾರು, ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿ, ರೆವಿನ್ಯೂ ಸ್ಟ್ಯಾಂಪಿನ ಮೇಲೆ ಅಡ್ಡವಾಗಿ ಸಹಿ. ಎರಡನೆಯದು ಬೆಲ್ಲ ಮಾರಿಕೊಡುವ ಮಹಾಲಿಂಗಪುರದ ಒಂದು ಅಡತಿ ಅಂಗಡಿ ಕೊಟ್ಟ ಚಿಕ್ಕ ಕೈಪುಸ್ತಕ. ಅದರಲ್ಲಿ 2021ರ ಏಪ್ರಿಲ್‌ನಲ್ಲಿ "ಪಟ್ಟಿ ಚುಕ್ತಾ, ಜಮಾ 4,00,000, ಬೇಕಾದಾಗ ಕೊಡತಕ್ಕದ್ದು" ಎಂದು ಬರೆದು ಮಾಲೀಕರೇ ಸಹಿ ಹಾಕಿದ್ದರು. ಪಟ್ಟಿ ಚುಕ್ತಾ ಎಂದರೆ ಮಾರಾಟದ ಲೆಕ್ಕ ತೀರಿತು ಎಂದರ್ಥ. ಮೂರನೆಯದು ಗಂಡನ ಡೈರಿಯ ಹಾಳೆ. 2019ರಲ್ಲಿ ಸಂಬಂಧಿಕರೊಬ್ಬರಿಗೆ 60,000 ಕೊಟ್ಟ ಬಗ್ಗೆ ಗಂಡನೇ ಬರೆದುಕೊಂಡ ಒಂದು ಸಾಲು, ಅಷ್ಟೇ.

ಅವರ ಪ್ರಶ್ನೆ ನೇರವಾಗಿತ್ತು. "ಅಕ್ಕಾರ, ಗೆಳೆಯಾ ಇದ್ದಾವ್ರು ರೊಕ್ಕಾ ಕೊಡೂದಿಲ್ಲ ಅನ್ನಂಗಿಲ್ಲ, ಯಾರಿಗೆ ಕೊಡ್ಲಿ ಅಂತಾರ. ಭಾವಾರು ನಾ ಮನಿ ಹಿರ್‍ಯಾ, ನನ್ನ ಕೈಯಾಗ ಕೊಡು ಅಂತ ಹೋಗಿ ಕೇಳ್ಯಾರ. ನಾ ಏನ್ ಮಾಡ್ಲಿ?"

ಹಕ್ಕು ಯಾರದು ಎಂಬುದನ್ನು ಮೊದಲು ಬಿಡಿಸಿದೆವು. ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು, ತಾಯಿ ಮೊದಲ ವರ್ಗದ ವಾರಸುದಾರರು. ನಾಲ್ವರಿಗೂ ಸಮ ಪಾಲು. ಮಗಳ ಲಗ್ನವಾಗಿದೆ ಎಂಬುದರಿಂದ ಪಾಲು ಕಡಿಮೆಯಾಗುವುದಿಲ್ಲ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಅಣ್ಣನ ಸರದಿ ಬರುವುದಿಲ್ಲ. ಆದರೆ ಅತ್ತೆಗೆ ನಾಲ್ಕನೇ ಒಂದು ಪಾಲು ಖಂಡಿತ ಇದೆ. ಇದನ್ನು ಕೇಳಿ ಆ ತಾಯಿಗೆ ಬೇಸರವಾಯಿತು, ಯಾಕೆಂದರೆ ಅತ್ತೆ ಹಿರಿಯ ಮಗನ ಮಾತು ಕೇಳುವವರು. ಆದರೂ ಹೇಳಲೇಬೇಕಿತ್ತು. ಅತ್ತೆಯನ್ನು ಬಿಟ್ಟು ಅರ್ಜಿ ಹಾಕಿದರೆ ಭಾವನ ತಕರಾರಿಗೆ ನಾವೇ ದಾರಿ ಮಾಡಿಕೊಟ್ಟಂತೆ ಆಗುತ್ತಿತ್ತು.

ಭಾವನ ವಾದ ಪೂರ್ತಿ ಪೊಳ್ಳಲ್ಲ, ಅದನ್ನೂ ಹೇಳಬೇಕು. "ಅದು ಕೂಡಿದ ಮನೆಯ ಹೊಲದ ರೊಕ್ಕ" ಎಂದು ಅವರು ಸಾಬೀತು ಮಾಡಿದರೆ ಲೆಕ್ಕ ಬೇರೆಯಾಗುತ್ತದೆ. ಹಾಗಾಗಿ ಅಣ್ಣತಮ್ಮಂದಿರ ವಾಟ್ನಿ, ಅಂದರೆ ಆಸ್ತಿಯ ಪಾಲು, ಯಾವಾಗ ಆಯಿತು ಎಂದು ಕೇಳಿದೆ. 2014ರಲ್ಲೇ ಆಗಿತ್ತು, ಹೊಲದ ಪಹಣಿ ಉತಾರಗಳು ಬೇರೆಬೇರೆ ಹೆಸರಿಗಿದ್ದವು, ಗಾಣ ಹಾಕಿದ್ದು ಅದರ ನಂತರ. ಆ ಉತಾರದ ಪ್ರತಿ, ವಾಟ್ನಿ ಪತ್ರ, ಗಾಣದ ಕರೆಂಟ್ ಬಿಲ್ಲುಗಳನ್ನು ತೆಗೆದಿಡಲು ಹೇಳಿದೆ.

ಮುಂದಿನ ವಿಷಯವನ್ನೇ ಬಹಳ ಮನೆಗಳಲ್ಲಿ ಜನ ತಪ್ಪು ತಿಳಿದುಕೊಂಡಿರುತ್ತಾರೆ. ನಾಡಕಚೇರಿಯಿಂದ ತಂದ ವಂಶವೃಕ್ಷ ಸಾಕು ಎಂದುಕೊಳ್ಳುತ್ತಾರೆ. ವಂಶವೃಕ್ಷ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ತೋರಿಸುತ್ತದೆ, ಹೊಲದ ವಾರಸಾ ಮಾಡಿಸಲು ಉಪಯೋಗಕ್ಕೆ ಬರುತ್ತದೆ. ಸತ್ತವರಿಗೆ ಬರಬೇಕಾದ ಸಾಲಕ್ಕೆ ವಾರಸುದಾರರ ಪರವಾಗಿ ನ್ಯಾಯಾಲಯದ ತೀರ್ಪಿನ ಆದೇಶ, ಅಂದರೆ ಡಿಕ್ರಿ, ಬೇಕೆಂದರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 214ನೇ ಕಲಂ ಸಿವಿಲ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರವನ್ನು ಕೇಳುತ್ತದೆ. ನಮ್ಮ ಕಡೆ ಸಕ್ಸೆಷನ್ ಸರ್ಟಿಫಿಕೇಟ್ ಎಂದೇ ಕರೆಯುತ್ತಾರೆ. ಅದರಲ್ಲಿ ಯಾವ ಸಾಲ, ಯಾರಿಂದ, ಎಷ್ಟು ಎಂದು ಒಂದೊಂದಾಗಿ ಬರೆದಿರಬೇಕು. ಪಟ್ಟಿಯಲ್ಲಿ ಇಲ್ಲದ ಸಾಲಕ್ಕೆ ಆ ಪ್ರಮಾಣಪತ್ರ ನಡೆಯುವುದಿಲ್ಲ. ಆಮೇಲೆ ಹೊಸ ಸಾಲ ಪತ್ತೆಯಾದರೆ ವಿಸ್ತರಣೆಗೆ ಮತ್ತೆ ಅರ್ಜಿ ಹಾಕಬೇಕು.

ಇದರಿಂದ ಸಾಲಗಾರನಿಗೂ ರಕ್ಷಣೆ ಇದೆ. ಪ್ರಮಾಣಪತ್ರ ಹಿಡಿದು ಬಂದವರಿಗೆ ಪ್ರಾಮಾಣಿಕವಾಗಿ ಹಣ ಕೊಟ್ಟವನನ್ನು ಬೇರೆ ಯಾರೂ ಮತ್ತೊಮ್ಮೆ ಕೇಳುವ ಹಾಗಿಲ್ಲ. "ಯಾರಿಗೆ ಕೊಡ್ಲಿ" ಎಂದ ಆ ಗೆಳೆಯರ ಅಂಜಿಕೆ ನ್ಯಾಯವಾದದ್ದು. ಭಾವನ ಕೈಗೆ ಕೊಟ್ಟಿದ್ದರೆ ಅವರು ವಾರಸುದಾರರಿಗೆ ಮತ್ತೆ ಕೊಡಬೇಕಾದ ಪರಿಸ್ಥಿತಿ ಬರಬಹುದಿತ್ತು. ಹಾಗೆಯೇ ಪ್ರಮಾಣಪತ್ರ ಯಾರ ಹೆಸರಿಗಿದೆಯೋ ಹಣ ಅವರೊಬ್ಬರದೇ ಆಗಿಬಿಡುವುದಿಲ್ಲ. ವಸೂಲು ಮಾಡಿದ್ದಕ್ಕೆ ಉಳಿದ ಪಾಲುದಾರರಿಗೆ ಲೆಕ್ಕ ಕೊಡಬೇಕು.

ಇಷ್ಟರಲ್ಲಿ ನನ್ನ ಕಣ್ಣು ನೋಟಿನ ತಾರೀಖಿನ ಮೇಲೆ ಬಿತ್ತು. ಕೇಳಿದಾಗ ಕೊಡುವ ಪ್ರಾಮಿಸರಿ ನೋಟಿಗೆ ದಾವೆ ಹೂಡುವ ಮುದ್ದತು ನೋಟು ಬರೆದ ದಿನದಿಂದ 3 ವರ್ಷ. ಕೇಳಿದ ದಿನದಿಂದ ಅಲ್ಲ. ಅಂದರೆ 2025ರ ಜೂನ್ 10. ಗಂಡ ಸತ್ತರೆ ಈ ಮುದ್ದತು ನಿಲ್ಲುವುದಿಲ್ಲ. ಅವರು ಬದುಕಿದ್ದಾಗಲೇ ಓಡಲು ಶುರುವಾಗಿದ್ದರೆ ಓಡುತ್ತಲೇ ಇರುತ್ತದೆ. ಮಗನಿಗೆ ವಯಸ್ಸಾಗಿಲ್ಲ ಎಂಬ ಕಾರಣಕ್ಕೂ ಇಲ್ಲಿ ರಿಯಾಯಿತಿ ಇಲ್ಲ. ಸಕ್ಸೆಷನ್ ಅರ್ಜಿ ಬಾಕಿ ಇದೆ ಎಂಬುದಕ್ಕೂ ಇಲ್ಲ. ತಕರಾರು ಇಲ್ಲದಿದ್ದರೂ ಆ ಅರ್ಜಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. "ಮೊದಲು ಸರ್ಟಿಫಿಕೇಟ್ ಬರಲಿ, ಆಮೇಲೆ ಕೇಸ್ ಹಾಕೋಣ" ಎಂದು ಕಾಯುತ್ತ ಕೂತು ನೋಟಿನ ಹಣ ಕಳೆದುಕೊಂಡ ಮನೆಗಳನ್ನು ನೋಡಿ ಸಂಕಟಪಟ್ಟಿದ್ದೇನೆ. ಕಾನೂನು ತಡೆಯುವುದು ಪ್ರಮಾಣಪತ್ರ ಇಲ್ಲದೆ ಡಿಕ್ರಿ ಕೊಡುವುದನ್ನು, ದಾವೆ ಹೂಡುವುದನ್ನಲ್ಲ. ಹಾಗಾಗಿ ದಾವೆಯನ್ನು ಮುದ್ದತಿನೊಳಗೆ ಹೂಡಿ, ಸಕ್ಸೆಷನ್ ಅರ್ಜಿಯನ್ನು ಜೊತೆಗೇ ನಡೆಸಿ, ಡಿಕ್ರಿಗೆ ಮುನ್ನ ಪ್ರಮಾಣಪತ್ರ ಹಾಜರುಪಡಿಸಬಹುದು.

ದಾವೆಯನ್ನೇ ತಪ್ಪಿಸುವ ದಾರಿಯೂ ಒಂದಿತ್ತು. ಮುದ್ದತು ಮುಗಿಯುವ ಮೊದಲು ಸಾಲಗಾರ ಸಾಲವನ್ನು ಒಪ್ಪಿಕೊಂಡು ಬರೆದು ಸಹಿ ಮಾಡಿದರೆ, ಆ ಸಹಿಯ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಬಾಯಿಮಾತಿಗೆ ಬೆಲೆ ಇಲ್ಲ. ಮಧ್ಯದಲ್ಲಿ ಬಡ್ಡಿ ಕೊಟ್ಟಿದ್ದರೂ, ಕೊಟ್ಟಿದ್ದನ್ನು ಸಾಲಗಾರನೇ ಕೈಯಾರೆ ಬರೆದಿರಬೇಕು ಅಥವಾ ಬರಹದ ಕೆಳಗೆ ಅವನ ಸಹಿ ಇರಬೇಕು. ಈ ಗೆಳೆಯರು ಒಮ್ಮೆ ಫೋನ್‌ಪೇಯಲ್ಲಿ ಬಡ್ಡಿ ಕಳಿಸಿದ್ದರು. ಅದನ್ನೊಂದೇ ನಂಬಿ ಕೂರಬೇಡಿ ಎಂದು ಹೇಳಿದೆ.

ಗೆಳೆಯರನ್ನು ಕರೆಸಿ ಮಾತಾಡಿದೆ. ಅವರು ಶಾಲೆಯ ಮಾಸ್ತರರು, ಒಳ್ಳೆಯ ಮನುಷ್ಯ. "ನಿಮ್ಮ ಕೈಯಿಂದ ಈಗ ರೊಕ್ಕ ಕೇಳ್ತಿಲ್ಲ, ಇಷ್ಟು ಬರಬೇಕು ಅಂತ ಒಪ್ಪಿ ಬರೆದುಕೊಡ್ರಿ, ಸರ್ಟಿಫಿಕೇಟ್ ತಂದ ಮೇಲೆ ಕೊಡ್ರಿ" ಎಂದಾಗ ಹಗುರಾದರು. ಮೇ 24ರಂದು ನೋಟಿನ ತಾರೀಖು, ಅಸಲು, ಬಾಕಿ ಬಡ್ಡಿ, ನಾಲ್ವರು ವಾರಸುದಾರರ ಹೆಸರು ಬರೆದು ಸಹಿ ಮಾಡಿದರು. ಮುದ್ದತು 2028ರ ಮೇ 24ಕ್ಕೆ ಹೋಯಿತು. ಅವರು ಬರೆದುಕೊಡದಿದ್ದರೆ ಜೂನ್ ಮೊದಲ ವಾರದಲ್ಲೇ ಹೂಡಲೆಂದು ವಕೀಲರ ಹತ್ತಿರ ದಾವೆಯ ಕರಡನ್ನು ಸಿದ್ಧಪಡಿಸಿ ಇಟ್ಟಿದ್ದೆವು.

ಅಡತಿ ಅಂಗಡಿಯವರ ನಡತೆ ಬೇರೆ. "2021ರ ಮಾತು, ಮೂರು ವರ್ಷ ಮುಗದು ಹೋತು" ಎಂದರು. ಇಲ್ಲಿ ಕೈಪುಸ್ತಕದ ಆ ಸಾಲು ಕೈಹಿಡಿಯಿತು. ಸಾಲವಾಗಿ ಕೊಟ್ಟ ಹಣಕ್ಕೆ ಮುದ್ದತು ಕೊಟ್ಟ ದಿನದಿಂದ ಎಣಿಸುತ್ತದೆ. ಕೇಳಿದಾಗ ಹಿಂದಿರುಗಿಸುವ ಕರಾರಿನ ಮೇಲೆ ಇಟ್ಟ ಠೇವಣಿಗೆ, 1963ರ ಕಾಲಮಿತಿ ಕಾಯ್ದೆಯ 22ನೇ ಅನುಚ್ಛೇದದಂತೆ, ಕೇಳಿದ ದಿನದಿಂದ 3 ವರ್ಷ. ಬೆಲ್ಲದ ಬಾಕಿ ಹಾಗೇ ಉಳಿದಿದ್ದರೆ ಅದು ಮಾಲಿನ ಬೆಲೆ, ಮಾಲು ಕೊಟ್ಟ ದಿನದಿಂದ ಎಣಿಕೆ, ಮುದ್ದತು ಮುಗಿದಿರುತ್ತಿತ್ತು. ಆದರೆ ಅಲ್ಲಿ ಪಟ್ಟಿ ಚುಕ್ತಾ ಆಗಿ, ಆ ಮೇಲೆ ಹಣ ಜಮಾ ಆಗಿತ್ತು. ಗಂಡ ಬದುಕಿದ್ದಾಗ ಪೂರ್ತಿ ಹಣ ಕೇಳಿದ್ದರೇ ಎಂದು ಎರಡೆರಡು ಸಲ ವಿಚಾರಿಸಿದೆ, ಯಾಕೆಂದರೆ ಕೇಳಿದ್ದರೆ ಅಂದಿನಿಂದಲೇ ಎಣಿಕೆ. ಕೇಳಿರಲಿಲ್ಲ. ವಕೀಲರ ನೋಟಿಸನ್ನು ನಾಲ್ವರ ಹೆಸರಿನಲ್ಲಿ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಕಾರ್ಡು ಇಟ್ಟುಕೊಂಡೆವು. ಇದು ಸಾಲವೋ ಠೇವಣಿಯೋ ಎಂದು ಎದುರಿನವರು ವಾದ ಎತ್ತಿಯೇ ಎತ್ತುತ್ತಾರೆ, ನ್ಯಾಯಾಲಯ ಸಾಕ್ಷ್ಯ ನೋಡಿ ತೀರ್ಮಾನಿಸುತ್ತದೆ. ಅದಕ್ಕೇ ಆ ವರ್ಷದ ಪಟ್ಟಿಗಳನ್ನೆಲ್ಲ ಹುಡುಕಿಸಿದೆ. ಇಂಥ ಬರಹ ಕೈಯಲ್ಲಿ ಇಲ್ಲದವರು, ಕೊಟ್ಟ ದಿನದಿಂದಲೇ 3 ವರ್ಷ ಎಂದು ಎಣಿಸಿಕೊಂಡು ಹೊರಡುವುದು ಕ್ಷೇಮ.

ಡೈರಿಯ 60,000ದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ ಎಂದೆ. ಕೊಟ್ಟವರೇ ಬರೆದುಕೊಂಡ ಒಂದು ಸಾಲಿನಿಂದ ಇನ್ನೊಬ್ಬರ ಮೇಲೆ ಸಾಲ ಹೊರಿಸುವುದು ಕಷ್ಟ, ಮುದ್ದತೂ ಮುಗಿದಿದೆ. ಆ ಸಂಬಂಧಿಕರು ಮನಸ್ಸು ಮಾಡಿ "ಈ ಹಣ ಕೊಡುತ್ತೇನೆ" ಎಂದು ಬರೆದು ಸಹಿ ಮಾಡಿಕೊಟ್ಟರೆ ಮಾತ್ರ ಅದು ಹೊಸ ಕರಾರಾಗುತ್ತದೆ. ಮುದ್ದತು ಮುಗಿದ ಮೇಲೆ ಬರೀ "ಬಾಕಿ ಇದೆ" ಎಂದು ಒಪ್ಪಿದರೆ ಸಾಲದು, ಕೊಡುವ ವಾಗ್ದಾನವೇ ಬೇಕು.

ಸಕ್ಸೆಷನ್ ಅರ್ಜಿಯನ್ನು ಗಂಡ ವಾಸವಿದ್ದ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ ಹಾಕಿದರು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರನ್ನು ಪಡೆದೆವು. ಅರ್ಜಿಯಲ್ಲಿ ಮರಣದ ದಿನ, ವಾಸಸ್ಥಳ, ಹತ್ತಿರದ ಸಂಬಂಧಿಕರ ಹೆಸರು ವಿಳಾಸ, ಅಸಲು ಬಡ್ಡಿ ಸಹಿತ ಎರಡೂ ಸಾಲಗಳ ವಿವರ ಇದ್ದವು. ಮಗನ ಪರವಾಗಿ ತಾಯಿಯೇ ನಿಂತರು. ಅತ್ತೆಯ ಹತ್ತಿರ ನಾನೇ ಹೋಗಿ ಕೂತು, ಅವರ ಪಾಲು ಅವರ ಖಾತೆಗೇ ಬರುತ್ತದೆ ಎಂದು ಬಿಡಿಸಿ ಹೇಳಿದೆ. "ನನ್ನ ಪಾಲು ನನಗ ಬಂದ್ರ ನಾ ಯಾಕ ಬ್ಯಾಡ ಅನ್ಲಿ" ಎಂದು ಅರ್ಜಿದಾರರಾಗಿ ಹೆಬ್ಬೆಟ್ಟು ಒತ್ತಿದರು. ಅವರು ಒಪ್ಪದಿದ್ದರೆ ಎದುರುದಾರರನ್ನಾಗಿ ಸೇರಿಸಬೇಕಾಗುತ್ತಿತ್ತು. ಭಾವ ತಕರಾರು ಸಲ್ಲಿಸಿದರು. ವಾಟ್ನಿ ಪತ್ರ, ಉತಾರ ಹಾಜರಾದ ಮೇಲೆ ಅದು ನಿಲ್ಲಲಿಲ್ಲ.

ಪ್ರಮಾಣಪತ್ರ ಬಂದ ತಿಂಗಳೇ ಮಾಸ್ತರರು ಅಸಲು, ಬಡ್ಡಿ ಎರಡನ್ನೂ ಬ್ಯಾಂಕ್ ಮೂಲಕ ಕಳಿಸಿ, ನೋಟಿನ ಹಿಂದೆ ಸಂದಾಯದ ಷರಾ ಬರೆಸಿಕೊಂಡು ಅದನ್ನು ವಾಪಸ್ ಪಡೆದರು. ಆ ಹಣವನ್ನು ನಾಲ್ಕು ಪಾಲು ಮಾಡಿದೆವು. ಮಗನ ಪಾಲನ್ನು ಅವನ ಹೆಸರಿನಲ್ಲೇ, ಅವನಿಗೆ 18 ತುಂಬುವವರೆಗೆ ಠೇವಣಿ ಇಟ್ಟಿದ್ದಾರೆ. ಅಡತಿ ಅಂಗಡಿಯ ಮೇಲಿನ ದಾವೆ ನಡೆಯುತ್ತಿದೆ, ಪ್ರಮಾಣಪತ್ರ ಅದರಲ್ಲೂ ಹಾಜರಾಗಿದೆ. ರಾಜಿಯ ಮಾತು ಬಂದರೆ, ಮಗನ ಪಾಲು ಇರುವುದರಿಂದ, ನ್ಯಾಯಾಲಯದ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಬಿಟ್ಟುಕೊಡಬೇಡಿ ಎಂದು ಆ ತಾಯಿಗೆ ಬರೆದುಕೊಟ್ಟಿದ್ದೇನೆ.