ವಕೀಲರ ನೋಟಿಸಿಗೆ ಉತ್ತರ: ಮೊದಲ ಸಾಲು

‘ಗ್ರಾಹಕರೊಬ್ಬರು ವಕೀಲರಿಂದ ನೋಟಿಸು ಕಳುಹಿಸಿದ್ದಾರೆ. ನಮ್ಮದು ಸಣ್ಣ ವ್ಯಾಪಾರ. ಉತ್ತರದಲ್ಲಿ ಮೊದಲು ಕ್ಷಮೆ ಕೇಳಬೇಕೋ, ತಪ್ಪು ನಮ್ಮದಲ್ಲ ಎನ್ನಬೇಕೋ?’

ಎರಡೂ ಬೇಡ. ನಾನು ಮರದ ಕಪಾಟುಗಳನ್ನು ಮಾಡಿಕೊಡುವವನು; ನನಗೆ ನೋಟಿಸು ಬಂದಾಗ ಕ್ಷಮೆಯಿಂದಲೇ ಆರಂಭಿಸಿದ್ದೆ. ಆ ನೋಟಿಸಿನಲ್ಲಿ ಎರಡು ದೂರುಗಳಿದ್ದವು: ಕಪಾಟು ಆರು ದಿನ ತಡವಾಗಿ ತಲುಪಿತು ಎಂಬುದು ಒಂದು, ಹಸಿ ಮರ ಬಳಸಿದ್ದರಿಂದ ಬಾಗಿಲು ಸೊಟ್ಟಗಾಯಿತು ಎಂಬುದು ಇನ್ನೊಂದು. ತಡವಾದದ್ದು ನಿಜ. ಆದರೆ ಮರ ಚೆನ್ನಾಗಿ ಒಣಗಿದ್ದೇ ಆಗಿತ್ತು. ತೇವದ ಗೋಡೆಗೆ ತಾಗಿಸಿ ನಿಲ್ಲಿಸಬಾರದೆಂದು ನಮ್ಮ ಡೆಲಿವರಿ ಚೀಟಿಯಲ್ಲಿ ಬರೆದಿತ್ತು, ಅದರ ಕೆಳಗೆ ಗ್ರಾಹಕರೇ ನೀಲಿ ಶಾಯಿಯಲ್ಲಿ ‘ಬಾಗಿಲು ಸರಿಯಾಗಿದೆ’ ಎಂದು ಬರೆದು ಸಹಿ ಹಾಕಿದ್ದರು.

ಆ ಚೀಟಿಯನ್ನು ಹುಡುಕುವ ಮೊದಲೇ, ನೋಟಿಸು ಬಂದ ರಾತ್ರಿಯೇ, ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ಬರೆದು ಕಳುಹಿಸಿಬಿಟ್ಟೆ. ನನ್ನ ಮನಸ್ಸಿನಲ್ಲಿದ್ದದ್ದು ಆ ಆರು ದಿನಗಳ ತಡ ಮಾತ್ರ, ಆದರೆ ಯಾವ ತೊಂದರೆ ಎಂದು ವಾಕ್ಯ ಹೇಳುತ್ತಿರಲಿಲ್ಲ. ವಕೀಲರ ಮುಂದಿನ ಪತ್ರ ಆ ಸಾಲನ್ನೇ ಉಲ್ಲೇಖಿಸಿ, ಬಾಗಿಲಿನ ದೋಷವನ್ನು ನೀವೇ ಒಪ್ಪಿಕೊಂಡಿರುವುದರಿಂದ ಇಡೀ ಕಪಾಟನ್ನು ಬದಲಾಯಿಸಿಕೊಡಿ ಎಂದಿತು. ಚೀಟಿ ಆಮೇಲೆ ಸಿಕ್ಕಿತು. ಆದರೆ ಅದನ್ನು ತೋರಿಸುವ ಮುನ್ನ ನನ್ನದೇ ವಾಕ್ಯಕ್ಕೆ ನಾನು ಸಮಜಾಯಿಷಿ ಕೊಡಬೇಕಾಯಿತು, ಕೊನೆಗೆ ನನ್ನ ಖರ್ಚಿನಲ್ಲಿ ಎರಡು ಹೊಸ ಬಾಗಿಲುಗಳನ್ನು ಮಾಡಿಕೊಟ್ಟು ವ್ಯವಹಾರ ಮುಗಿಸಿದೆ.

ಹಾಗೆಂದು ‘ಆರೋಪಗಳೆಲ್ಲ ಸುಳ್ಳು’ ಎಂದು ಶುರು ಮಾಡಿದ್ದರೂ ಕೆಡುತ್ತಿತ್ತು, ಏಕೆಂದರೆ ತಡವಾದ ದಿನಾಂಕ ಅದೇ ಚೀಟಿಯ ಮೇಲಿತ್ತು. ಒಂದು ಮಾತು ಸುಳ್ಳಾದರೆ ಬಾಗಿಲಿನ ಬಗ್ಗೆ ನಾನು ಹೇಳುವ ನಿಜವನ್ನೂ ಯಾರೂ ನಂಬುತ್ತಿರಲಿಲ್ಲ.

ಈಗ ನಾನು ಬರೆಯುವ ಆರಂಭ ಹೀಗಿರುತ್ತದೆ: ‘ತಮ್ಮ ಕಕ್ಷಿದಾರರಾದ ಇಂಥವರ ಪರವಾಗಿ ಇಂಥ ದಿನಾಂಕದಂದು ಕಳುಹಿಸಿದ, ನಮಗೆ ಇಂಥ ದಿನ ತಲುಪಿದ ನೋಟಿಸಿಗೆ ಇದು ಉತ್ತರ. ಇದು ಇಂಥ ಸಂಖ್ಯೆಯ ಬಿಲ್ಲಿಗೆ ಸಂಬಂಧಿಸಿದೆ. ಕೆಳಗೆ ಸ್ಪಷ್ಟವಾಗಿ ಒಪ್ಪಿಕೊಂಡಿರುವುದನ್ನು ಬಿಟ್ಟು ನೋಟಿಸಿನ ಬೇರಾವ ಆರೋಪವನ್ನೂ ನಾವು ಒಪ್ಪಿಕೊಂಡಿಲ್ಲ.’ ಬಿಲ್ಲಿನ ಸಂಖ್ಯೆ ಇರಲೇಬೇಕು; ಒಬ್ಬರೇ ಗ್ರಾಹಕರು ಎರಡು ಸಲ ಕೊಂಡಿದ್ದರೆ ಯಾವ ಸರಕಿನ ಮಾತು ಎಂಬುದು ಆಗಲೇ ನಿಶ್ಚಯವಾಗುತ್ತದೆ.

ಅದಾದ ಮೇಲೆ ನೋಟಿಸಿನ ಪ್ಯಾರಾ ಸಂಖ್ಯೆಗಳನ್ನೇ ಹಿಡಿದು ಒಂದೊಂದಕ್ಕೂ ಉತ್ತರ ಬರೆಯಿರಿ. ಕ್ಷಮೆ ಕೇಳಬೇಕೆನಿಸಿದರೆ ಅಲ್ಲಿ, ಹೆಸರಿಸಿ ಕೇಳಿ: ‘ಕಪಾಟು ಆರು ದಿನ ತಡವಾಗಿ ತಲುಪಿದ್ದಕ್ಕೆ ವಿಷಾದಿಸುತ್ತೇವೆ.’ ದಾಖಲೆಗಳು ಇನ್ನೂ ಕೈಗೆ ಸಿಕ್ಕಿಲ್ಲವಾದರೆ, ನೋಟಿಸು ಕೊಟ್ಟ ಗಡುವಿನೊಳಗೇ ಆರಂಭದ ಆ ಮೂರು ವಾಕ್ಯಗಳನ್ನು ಕಳುಹಿಸಿ, ಪೂರ್ಣ ಉತ್ತರ ಯಾವ ದಿನ ಬರುತ್ತದೆಂದು ತಿಳಿಸಿ. ಉತ್ತರ ನೋಟಿಸು ಕಳುಹಿಸಿದ ವಕೀಲರಿಗೇ ಹೋಗಲಿ, ಕಳುಹಿಸಿದ್ದಕ್ಕೆ ರಸೀದಿ ನಿಮ್ಮಲ್ಲಿರಲಿ. ಕಳುಹಿಸುವ ಮುನ್ನ ನಿಮ್ಮ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ. ಆ ರಾತ್ರಿ ನಾನು ತೋರಿಸಿದ್ದರೆ ‘ಯಾವ ತೊಂದರೆ?’ ಎಂದು ಅವರು ಕೇಳಿಯೇ ಕೇಳುತ್ತಿದ್ದರು.